ಪುಷ್‌ಅಪ್‌ನಲ್ಲಿ ಮಣಿಕಟ್ಟು ನೋವು: ಮುಷ್ಟಿ ಕಟ್ಟಿ ಮಾಡಬಹುದಾ?

ಪ್ರಶ್ನೆ: ಎರಡು ತಿಂಗಳಿಂದ ಪುಷ್‌ಅಪ್ ಮಾಡ್ತಿದ್ದೇನೆ. ಏಳೆಂಟು ಆಗುವಷ್ಟರಲ್ಲಿ ಬಲ ಮಣಿಕಟ್ಟಿನ ಮೇಲ್ಭಾಗದಲ್ಲಿ, ವಾಚ್ ಕೂರುವ ಜಾಗದಲ್ಲಿ ಚುಚ್ಚುತ್ತದೆ. ಪ್ಲ್ಯಾಂಕ್‌ನಲ್ಲೂ ಹಾಗೇ. ಕೈ ಎತ್ತಿದರೆ ಹೋಗುತ್ತದೆ. ಬಿದ್ದಿಲ್ಲ, ಊತ ಇಲ್ಲ. ಮುಷ್ಟಿ ಕಟ್ಟಿ ಮಾಡಬಹುದಾ?

ಫಿಸಿಯೋಥೆರಪಿಸ್ಟ್: ಮಾಡಬಹುದು. ಅದಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ನಮಸ್ಕಾರದ ಹಾಗೆ ಎದೆಯ ಮುಂದೆ ಅಂಗೈ ಜೋಡಿಸಿ, ಕೈಗಳನ್ನು ನಿಧಾನವಾಗಿ ಕೆಳಗಿಳಿಸಿ. ಎರಡೂ ಮುಂದೋಳು ಒಂದೇ ನೇರಕ್ಕೆ ಅಡ್ಡ ಬರುವ ಮೊದಲೇ ಅಂಗೈಗಳ ಬುಡ ಬಿಟ್ಟುಕೊಂಡರೆ, ನಿಮ್ಮ ಮಣಿಕಟ್ಟು 90 ಡಿಗ್ರಿ ಬಾಗುತ್ತಿಲ್ಲ. ತುಂಬಾ ಜನಕ್ಕೆ ತಾವಾಗಿಯೇ ಬಾಗಿಸಿದರೆ 70ರ ಆಸುಪಾಸು ಬರುವುದು. ಅಂಗೈ ಊರಿದ ಪುಷ್‌ಅಪ್ ಹತ್ತಿರ ಹತ್ತಿರ 90 ಕೇಳುತ್ತದೆ, ಅದೂ ಮೈಭಾರ ಹೊತ್ತು. ಆಗ ಕೀಲಿನ ಮೇಲ್ಗಡೆಯ ಪೊರೆ ಎಲುಬುಗಳ ನಡುವೆ ಸಿಕ್ಕಿ ಹಿಸುಕಿದಂತಾಗುತ್ತದೆ. ನೀವು ಹೇಳಿದ ಜಾಗ ಅದೇ.

ಭುಜ ಮಣಿಕಟ್ಟಿಗಿಂತ ಮುಂದಕ್ಕೆ ಹೋದಷ್ಟೂ ಬಾಗು ಜಾಸ್ತಿ. ಪ್ಲ್ಯಾಂಕ್ ಮಾಡುವಾಗ ಯಾರಿಂದಾದರೂ ಪಕ್ಕದಿಂದ ಫೋಟೊ ತೆಗೆಸಿ ನೋಡಿ. ಕೈ ಸ್ವಲ್ಪ ಹೊರಕ್ಕೆ ತಿರುಗಿಸಿ, ಬೆರಳು ಅಗಲಿಸಿ, ಉಗುರು ಬಿಳಿಚುವಷ್ಟು ಬೆರಳತುದಿಯಿಂದ ನೆಲ ಒತ್ತಿ. ಭಾರವೆಲ್ಲ ಅಂಗೈ ಬುಡದ ಮೇಲೇ ಬೀಳುವುದು ಇದರಿಂದ ತಪ್ಪುತ್ತದೆ.

ಇನ್ನೊಬ್ಬ ಸದಸ್ಯರು: ಸುಮ್ನೆ ಮುಷ್ಟಿಯಲ್ಲೇ ಮಾಡಿ, ಗಟ್ಟಿ ನೆಲದ ಮೇಲೆ. ಕರಾಟೆ ಕ್ಲಾಸಿನಲ್ಲಿ ನಾವು ಹಾಗೇ ಕಲಿತದ್ದು. ಗೆಣ್ಣೂ ಗಟ್ಟಿಯಾಗುತ್ತವೆ.

ಫಿಸಿಯೋಥೆರಪಿಸ್ಟ್: ಮುಷ್ಟಿಯ ಮಾತು ಸರಿ, ಮಣಿಕಟ್ಟು ನೆಟ್ಟಗಿರುತ್ತದೆ. ಗಟ್ಟಿ ನೆಲ ಬೇಡ, ಮ್ಯಾಟ್ ಮಡಚಿ ಹಾಕಿಕೊಳ್ಳಿ. ಹೆಬ್ಬೆರಳು ಮುಷ್ಟಿಯ ಹೊರಗಿರಲಿ. ಭಾರ ತೋರುಬೆರಳು, ನಡುಬೆರಳಿನ ಗೆಣ್ಣಿನ ಮೇಲಿರಲಿ. ಕಿರುಬೆರಳಿನ ಕಡೆ ವಾಲಿದರೆ ಮಣಿಕಟ್ಟು ಹೊರಳುತ್ತದೆ. ಮೊದಲ ವಾರ ಮಂಡಿಯೂರಿ ಮಾಡಿ.

ಮತ್ತೊಬ್ಬರು: ಮೇಡಂ, ನನಗೂ ಇದೇ ನೋವು, ಕಿರುಬೆರಳಿನ ಕಡೆ. ಬಾಗಿಲ ಹಿಡಿ ತಿರುಗಿಸಿದರೂ ನೋಯುತ್ತೆ. ಮುಷ್ಟಿ ಕಟ್ಟಿದರೂ ಕಡಿಮೆ ಆಗಲಿಲ್ಲ.

ಫಿಸಿಯೋಥೆರಪಿಸ್ಟ್: ನಿಮ್ಮದು ಇದೇ ನೋವಲ್ಲ. ಆ ಕಡೆ ಮೆತ್ತೆಯಂಥ ಮೃದ್ವಸ್ಥಿ ಇದೆ, ಅದಕ್ಕೆ ಪೆಟ್ಟಾಗಿದ್ದರೂ ತಿರುಗಿಸುವಾಗ ಹೀಗೇ ನೋಯುತ್ತದೆ. ಕೈ ಮುಟ್ಟಿ ನೋಡದೆ ನಾನು ಹೇಳಲಾರೆ. ಪುಷ್‌ಅಪ್ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು: ಪರೀಕ್ಷೆ ಮಾಡಿದೆ. ಮುಂದೋಳು ಇನ್ನೂ ಓರೆ ಇರುವಾಗಲೇ ಅಂಗೈ ಬಿಟ್ಟುಕೊಂಡವು, ಬಲಗಡೆ ಬಿಗಿತ ಜಾಸ್ತಿ. ಮ್ಯಾಟ್ ಮೇಲೆ ಮುಷ್ಟಿಯಲ್ಲಿ ಹತ್ತು ಮಾಡಿದೆ, ಚುಚ್ಚಲಿಲ್ಲ! ಆದರೆ ಪ್ಲ್ಯಾಂಕ್‌ನಲ್ಲಿ 20 ಸೆಕೆಂಡಿಗೆ ಕೈ ನಡುಗಿತು.

ಫಿಸಿಯೋಥೆರಪಿಸ್ಟ್: ಪ್ಲ್ಯಾಂಕ್ ಮೊಣಕೈ ಊರಿ ಮಾಡಿ, ಮಣಿಕಟ್ಟಿಗೆ ಕೆಲಸವೇ ಇಲ್ಲ. ಹೆಬ್ಬೆರಳು, ತೋರುಬೆರಳು ಜುಮ್ಮೆನ್ನತೊಡಗಿದರೆ ಮಾತ್ರ ತಕ್ಷಣ ನಿಲ್ಲಿಸಿ.

ಪ್ರಶ್ನೆ ಕೇಳಿದವರು: ಹಾಗಾದರೆ ಅಂಗೈ ಊರಿ ಮಾಡೋದು ಯಾವಾಗ?

ಫಿಸಿಯೋಥೆರಪಿಸ್ಟ್: ಆ ನಮಸ್ಕಾರವನ್ನೇ ದಿನಾ ನೋಯದಷ್ಟು ಹಿಡಿದು ನಿಲ್ಲಿ, 30 ಸೆಕೆಂಡು, ಮೂರು ಸಲ. ಆರು ವಾರ ಬಿಟ್ಟು ಮತ್ತೆ ಅಳೆಯಿರಿ. ಬಿಗಿತ ಸ್ನಾಯುವಿನದಾದರೆ ಸಡಿಲವಾಗುತ್ತದೆ. ಎಲುಬಿನ ಆಕಾರವೇ ಹಾಗಿದ್ದರೆ ಮುಷ್ಟಿಯಲ್ಲೇ ಮುಂದುವರಿಯಿರಿ.