ಏಳು ಜನರ ಖರೀದಿ ಸಮಿತಿಯಲ್ಲಿ ಹಣ ಬಿಡುವವರು ಯಾರು?

ಕೇಳಿದವರು: ಕಾರ್ಖಾನೆ ಯಂತ್ರಗಳ ನಿರ್ವಹಣೆಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ನಮ್ಮದು. ದೊಡ್ಡ ವಾಹನ ಬಿಡಿಭಾಗ ತಯಾರಕರೊಬ್ಬರ ಜೊತೆ ಐದು ತಿಂಗಳಿಂದ ಮಾತುಕತೆ ನಡೆದಿದೆ. ವರ್ಷಕ್ಕೆ 18 ಲಕ್ಷ, ಮೂರು ವರ್ಷದ ಒಪ್ಪಂದ. ಅಲ್ಲಿನ ನಿರ್ವಹಣಾ ವಿಭಾಗದ ಮ್ಯಾನೇಜರ್ ಒಳಗಿದ್ದು ನಮ್ಮ ಪರವಾಗಿ ಓಡಾಡುವ ಚಾಂಪಿಯನ್ ಎಂದುಕೊಂಡಿದ್ದೇವೆ. ಪ್ರತಿ ಸಲವೂ ‘ಆಗಿಯೇ ಆಗುತ್ತದೆ’ ಎನ್ನುತ್ತಾರೆ. ಅವರ ಏಳು ಜನರ ಖರೀದಿ ಸಮಿತಿಯಲ್ಲಿ ಯಾರ ಮಾತು ನಡೆಯುತ್ತದೆ, ಯಾರು ತಡೆಯುತ್ತಿದ್ದಾರೆ ಎಂದು ತಿಳಿಯುವುದು ಹೇಗೆ?

ನಿವೃತ್ತ ಖರೀದಿ ಅಧಿಕಾರಿ: ನಾನು ಮೇಜಿನ ಆ ಬದಿಯಲ್ಲಿ ಕುಳಿತವನು. ದೊಡ್ಡ ಕಂಪನಿಯಲ್ಲಿ ಯಾವ ಖರೀದಿಯೂ ಒಂದು ಅನುಮೋದನೆ ಟಿಪ್ಪಣಿಯಿಲ್ಲದೆ ಕದಲುವುದಿಲ್ಲ. ಅದನ್ನು ಯಾರು ಬರೆಯುತ್ತಿದ್ದಾರೆ ಎಂದು ಕೇಳಿ. ಮ್ಯಾನೇಜರ್ ತಾವೇ ಬರೆದು, ‘ಯಂತ್ರ ನಿಂತ ಗಂಟೆಗಳ ಲೆಕ್ಕ ಕೊಡಿ’ ಎಂದು ನಿಮ್ಮನ್ನು ಪೀಡಿಸುತ್ತಿದ್ದರೆ ಅವರು ಚಾಂಪಿಯನ್. ಇಲ್ಲವಾದರೆ ಕಾಫಿ ಕೊಡಿಸುವ ಹಿತೈಷಿ, ಅಷ್ಟೇ.

ಇನ್ನು ಹಣದ ವಿಷಯ. ಯಾರು ಎಷ್ಟು ಮೊತ್ತದವರೆಗೆ ಸಹಿ ಹಾಕಬಹುದು ಎಂಬ ಪಟ್ಟಿ ಇದ್ದೇ ಇರುತ್ತದೆ. ನಮ್ಮಲ್ಲಿ ಕಾರ್ಖಾನೆ ಮುಖ್ಯಸ್ಥರ ಮಿತಿ 25 ಲಕ್ಷ. ನಿಮ್ಮ 18 ಲಕ್ಷ ಅದರೊಳಗೇ ಬರುತ್ತದೆಂದು ಅನ್ನಿಸಬಹುದು. ಆದರೆ ನಾವು ಒಪ್ಪಂದದ ಪೂರ್ತಿ ಮೊತ್ತ ಎಣಿಸುತ್ತಿದ್ದೆವು: 54 ಲಕ್ಷ. ಕಡತ ಸೀದಾ ಪ್ರಧಾನ ಕಚೇರಿಯ ಹಣಕಾಸು ಮುಖ್ಯಸ್ಥರ ಬಳಿಗೆ ಹೋಗುತ್ತಿತ್ತು. ಆದರೂ ಕೊನೆಯ ಸಹಿ ಹಾಕುವವರೇ ಹಣದ ಯಜಮಾನರೆಂದು ತಿಳಿಯಬೇಡಿ. ಬಜೆಟ್‌ನಲ್ಲಿ ಇಲ್ಲದ ದುಡ್ಡನ್ನು ಬೇರೆ ಖರ್ಚಿನ ಬಾಬ್ತಿನಿಂದ ತೆಗೆದುಕೊಡಬಲ್ಲವರು ಯಾರೋ ಅವರನ್ನು ಹುಡುಕಿ.

ಕೊಯಮತ್ತೂರಿನ ಮಾರಾಟಗಾರ: ಇಷ್ಟೆಲ್ಲ ಸುತ್ತುಬಳಸು ಏಕೆ? ನಾನು ನೇರವಾಗಿ ಎಂಡಿಯವರಿಗೇ ಬರೆದೆ. ಎರಡು ವಾರದಲ್ಲಿ ಆರ್ಡರ್ ಬಂತು.

ನಿವೃತ್ತ ಖರೀದಿ ಅಧಿಕಾರಿ: ಮಾಲೀಕರೇ ಗಲ್ಲಾದಲ್ಲಿ ಕೂರುವ ಕಂಪನಿ ಇರಬೇಕು ಅದು. ದೊಡ್ಡ ಕಡೆ ಎಂಡಿ ನಿಮ್ಮ ಪತ್ರಕ್ಕೆ ‘ಪರಿಶೀಲಿಸಿ’ ಎಂದು ಬರೆದು ಕೆಳಗೆ ತಳ್ಳುತ್ತಾರೆ. ಅದು ಬಂದು ಬೀಳುವುದು ನೀವು ದಾಟಿ ಹೋದವರ ಮೇಜಿನ ಮೇಲೆಯೇ.

ಸರ್ಕಾರಿ ಸರಬರಾಜುದಾರ: ನಮಗೆ ಈ ತಲೆನೋವಿಲ್ಲ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಅರ್ಹತೆ ಪಾಸಾಗಿ, ಎಲ್ಲರಿಗಿಂತ ಕಡಿಮೆ ದರ ಹೇಳಿ ಎಲ್-1 ಬಂದರೆ ಸಾಕು. ಬಿಲ್ ಪಾಸಾಗುವುದು ಯಾವಾಗ ಎಂಬುದೇ ನಮ್ಮ ಚಿಂತೆ!

ಕೇಳಿದವರು: ಟಿಪ್ಪಣಿಯ ಬಗ್ಗೆ ಕೇಳಿದೆ ಸರ್. ‘ಐಟಿಯವರು ಒಪ್ಪಿದ ಮೇಲೆ ಬರೆಯುತ್ತೇನೆ’ ಎಂದರು. ಐಟಿಯಿಂದ ಭದ್ರತೆಯ ಬಗ್ಗೆ ಮೂರನೆಯ ಪ್ರಶ್ನಾವಳಿ ಬಂದಿದೆ.

ಹಿಂದೆ ಐಟಿ ಮ್ಯಾನೇಜರ್ ಆಗಿದ್ದವರು: ಇಂಥದ್ದೊಂದು ಖರೀದಿಯನ್ನು ಎಂಟು ತಿಂಗಳು ತಡೆದವಳು ನಾನೇ. ಯಂತ್ರಗಳ ಜಾಲವನ್ನು ಇಂಟರ್ನೆಟ್‌ಗೆ ತೆರೆಯಲು ನನಗೆ ನಿಜಕ್ಕೂ ಭಯವಿತ್ತು. ಜೊತೆಗೆ, ನಮ್ಮ ಹುಡುಗರು ಕಟ್ಟಿದ್ದ ವ್ಯವಸ್ಥೆ ಮೂಲೆ ಸೇರುತ್ತದೆ ಎಂಬ ಸಂಕಟವೂ ಇತ್ತು. ‘ಏನಾದರೆ ಒಪ್ಪುತ್ತೀರಿ, ಬರೆದು ಕೊಡಿ’ ಎಂದು ವಿನಯದಿಂದ ಕೇಳಿ. ನಿಜವಾದ ಆಕ್ಷೇಪಣೆಯಾದರೆ ಒಂದು ಷರತ್ತು ಬರುತ್ತದೆ. ಉತ್ತರ ಕೊಟ್ಟಷ್ಟೂ ಹೊಸ ಪ್ರಶ್ನೆ ಹುಟ್ಟುತ್ತಿದ್ದರೆ ಕಾರಣ ಬೇರೆಲ್ಲೋ ಇದೆ. ನನ್ನ ವಿಷಯದಲ್ಲಿ ಅವರು ಸಾಫ್ಟ್‌ವೇರನ್ನು ನಮ್ಮದೇ ಸರ್ವರ್‌ನಲ್ಲಿ ಹಾಕಿದರು, ಹಳೆಯ ವ್ಯವಸ್ಥೆಗೆ ಜೋಡಿಸುವ ಕೆಲಸವನ್ನು ನಮ್ಮ ಹುಡುಗರಿಗೇ ಬಿಟ್ಟರು.

ನಿವೃತ್ತ ಖರೀದಿ ಅಧಿಕಾರಿ: ಅದನ್ನು ನಾನು ಪೂರ್ತಿ ಒಪ್ಪಲಾರೆ ಮೇಡಂ. ಜೋಡಣೆ ಅವರ ಕೈಯಲ್ಲಿದ್ದರೆ ವಿಳಂಬವೂ ಅವರ ಕೈಯಲ್ಲೇ.

ಹಿಂದೆ ಐಟಿ ಮ್ಯಾನೇಜರ್ ಆಗಿದ್ದವರು: ತಡವೇನೋ ಆಯಿತು, ಆರು ವಾರ. ಆದರೆ ಖರೀದಿ ನಿಲ್ಲಲಿಲ್ಲ.

ಕೇಳಿದವರು: ಗುರುವಾರ ಐಟಿಯವರನ್ನು ಕಾಣುತ್ತಿದ್ದೇನೆ. ಅಲ್ಲಿ ಹಳೆಯ ವ್ಯವಸ್ಥೆಯನ್ನು ಯಾರು ಕಟ್ಟಿದರು ಎಂಬುದನ್ನು ನಾನು ಈವರೆಗೆ ಕೇಳಿಯೇ ಇರಲಿಲ್ಲ.