ಆರು ತಿಂಗಳ ನಂತರದ ಅಡಿಕೆಗೆ ಇವತ್ತೇ ರೇಟು ಹೇಳೋದು ಹೇಗೆ?

ಪ್ರಶ್ನೆ (ಚನ್ನಗಿರಿ, ಅಡಿಕೆ ವ್ಯಾಪಾರ): ಆರು ತಿಂಗಳ ನಂತರ 50 ಕ್ವಿಂಟಾಲ್ ರಾಶಿ ಅಡಿಕೆ ಬೇಕು, ರೇಟು ಇವತ್ತೇ ಹೇಳಿ, ದುಡ್ಡು ಮಾಲು ಕೊಟ್ಟ ದಿನ ಅಂತಿದ್ದಾರೆ ಒಬ್ಬ ಗಿರಾಕಿ. ಇವತ್ತಿನ ದರ ಕ್ವಿಂಟಾಲಿಗೆ 48,000 ಅಂತ ಇಟ್ಕೊಳ್ಳಿ. ಗೋಡೌನ್ ಬಾಡಿಗೆ ಸೇರಿಸಿ 48,500 ಅಂದ್ರೆ ಸಾಕಾ?

ಶಿವಮೊಗ್ಗದ ಮಂಡಿಯವರು: ಸಾಕಾಗಲ್ಲ, ಬಡ್ಡಿ ಮರೆತಿದ್ದೀರಿ. ಅದಕ್ಕಿಂತ ಮುಖ್ಯ, ಆರು ತಿಂಗಳಿಗೆ ರೇಟು ಎಲ್ಲಿಗೆ ಹೋಗುತ್ತೆ ಅಂತ ಅಂದಾಜು ಮಾಡಿ. ನನ್ನ ಲೆಕ್ಕದಲ್ಲಿ 55,000. ಅದನ್ನೇ ಹೇಳಿ.

ಉತ್ತರ (ಕಮಾಡಿಟಿ ಡೆಸ್ಕ್‌ನಲ್ಲಿ ಕೆಲಸ ಮಾಡಿದವರು): ಬಡ್ಡಿಯ ಮಾತು ಸರಿ, ಅಂದಾಜಿನ ಮಾತು ಇಲ್ಲಿ ಬೇಡ. ಚನ್ನಗಿರಿಯವರು ಇವತ್ತೇ ಮಾಲು ಕೊಂಡು ಬೀಗ ಹಾಕಿಟ್ಟರೆ ಆಯ್ತು, ಮುಂದೆ ರೇಟು ಏರಲಿ ಇಳಿಯಲಿ ಇವರಿಗೆ ಸಂಬಂಧವಿಲ್ಲ. ಹಾಗಾಗಿ ಕೇಳಬೇಕಾದ್ದು ಒಂದೇ: ಆ ಮಾಲನ್ನು ಆರು ತಿಂಗಳು ಹೊತ್ತುಕೊಂಡಿರಲು ಎಷ್ಟು ಖರ್ಚು?

ಸಾಲದ ಬಡ್ಡಿ ವರ್ಷಕ್ಕೆ 12% ಅಂದುಕೊಳ್ಳಿ, ಆರು ತಿಂಗಳಿಗೆ 6%. ಬಾಡಿಗೆ, ವಿಮೆ ಸೇರಿ ಕ್ವಿಂಟಾಲಿಗೆ ತಿಂಗಳಿಗೆ 20 ರೂಪಾಯಿಯಂತೆ ಮೊದಲೇ ಕಟ್ಟಿದರೆ 120. ಆ 120ಕ್ಕೂ ಬಡ್ಡಿ ಓಡುತ್ತದೆ. 48,120ಕ್ಕೆ 6% ಸೇರಿಸಿದರೆ 51,007. ನೀವು ಹೆದರಿದ ಬಾಡಿಗೆ ಬರೀ ಚಿಲ್ಲರೆ, ನಿಜವಾದ ಹೊರೆ ಬಡ್ಡಿಯದು.

ಇನ್ನೊಂದು ಖರ್ಚಿಗೆ ಬಿಲ್ಲೇ ಬರುವುದಿಲ್ಲ, ತೂಕದ ಇಳಿತ. ನಿಮ್ಮ ಮಾಲು ಆರು ತಿಂಗಳಲ್ಲಿ ಒಣಗಿ 2% ಇಳಿದರೆ, ಇವತ್ತಿಟ್ಟ 100 ಕೆಜಿ ಆ ದಿನ 98 ಆಗಿರುತ್ತದೆ. 100 ಕೊಡಬೇಕಾದರೆ 102 ಕೆಜಿಗೂ ಸ್ವಲ್ಪ ಹೆಚ್ಚೇ ಇಡಬೇಕು. ಅದಕ್ಕೆ 51,007ನ್ನು 0.98ರಿಂದ ಭಾಗಿಸಿ: 52,048. ಇದಕ್ಕಿಂತ ಕಡಿಮೆ ಹೇಳಿದರೆ ಕೈಯಿಂದ ಹಾಕುತ್ತೀರಿ. ಲಾಭ, ಲಾರಿ ಖರ್ಚು ಇದರ ಮೇಲೆ.

```
F = (S + U) × (1 + r×T) / (1 − w)
  = (48000 + 120) × 1.06 / 0.98 ≈ 52048
```

`F` ನೀವು ಹೇಳಬೇಕಾದ ಕನಿಷ್ಠ ರೇಟು, `S` ಇವತ್ತಿನ ದರ, `U` ಮೊದಲೇ ಕಟ್ಟಿದ ಬಾಡಿಗೆ ಮತ್ತು ವಿಮೆ, `r` ವರ್ಷದ ಬಡ್ಡಿ, `T` ವರ್ಷದ ಲೆಕ್ಕದಲ್ಲಿ ಅವಧಿ, ಇಲ್ಲಿ ಅರ್ಧ, `w` ತೂಕದ ಇಳಿತ. 2% ನನ್ನ ಊಹೆ ಅಷ್ಟೇ. ಹೋದ ವರ್ಷ ಇಟ್ಟ ಚೀಲವನ್ನು ಒಳಗೆ ಹಾಕುವಾಗ, ಹೊರಗೆ ತೆಗೆಯುವಾಗ ತೂಗಿದ ಚೀಟಿ ಇದ್ದರೆ ಅದನ್ನೇ ನಂಬಿ.

ಬೆಂಗಳೂರಿನಿಂದ ಒಬ್ಬರು: ಮೇಡಂ, ನನ್ನ ಹತ್ರ ಇರೋ ಒಂದು ಷೇರು 400 ಇದೆ, ಅದರ ಈ ತಿಂಗಳ ಫ್ಯೂಚರ್ 397. ಬಡ್ಡಿ ಸೇರಿ ಜಾಸ್ತಿ ಇರಬೇಕಲ್ವಾ? ಷೇರು ಬೀಳುತ್ತೆ ಅಂತಾನಾ?

ಉತ್ತರ: ಅಡಿಕೆ ಬಿಟ್ಟು ಷೇರಿಗೆ ಹಾರಿದಿರಿ, ಪರವಾಗಿಲ್ಲ, ಫ್ಯೂಚರ್ ಅಂದರೂ ಮುಂದಿನ ದಿನಕ್ಕೆ ಇವತ್ತೇ ಹೇಳಿದ ರೇಟು ತಾನೇ, ಲೆಕ್ಕ ಅದೇ. ಡಿವಿಡೆಂಡ್ ಏನಾದರೂ ಘೋಷಿಸಿದ್ದಾರಾ ನೋಡಿ. 7% ಬಡ್ಡಿಯಲ್ಲಿ ಒಂದು ತಿಂಗಳಿಗೆ 400ಕ್ಕೆ ಸುಮಾರು 2.33 ಸೇರುತ್ತದೆ. ನಡುವೆ 5 ರೂಪಾಯಿ ಡಿವಿಡೆಂಡ್ ಬಂದರೆ ಅದು ಷೇರು ಇಟ್ಟುಕೊಂಡವನಿಗೆ, ಫ್ಯೂಚರ್ ಕೊಂಡವನಿಗಲ್ಲ. 402.33ರಲ್ಲಿ 5 ಕಳೆದರೆ 397.33. ಭವಿಷ್ಯವಾಣಿ ಏನೂ ಇಲ್ಲ.

ಅಡಿಕೆ ಇಟ್ಟಲ್ಲೇ ಸವೆಯುತ್ತದೆ, ಷೇರು ಇಟ್ಟಲ್ಲೇ ಕಾಸು ಕೊಡುತ್ತದೆ. ಒಂದರಲ್ಲಿ ಕೂಡಿಸುತ್ತೀರಿ, ಇನ್ನೊಂದರಲ್ಲಿ ಕಳೆಯುತ್ತೀರಿ. ಆದರೆ ಎಕ್ಸ್-ಡೇಟ್, ಅಂದರೆ ಯಾವ ದಿನದಿಂದ ಷೇರು ಕೊಂಡವರಿಗೆ ಆ ಡಿವಿಡೆಂಡ್ ಸಿಗುವುದಿಲ್ಲವೋ ಆ ದಿನ, ಫ್ಯೂಚರ್ ಮುಗಿಯುವ ಎಕ್ಸ್‌ಪೈರಿ ದಿನವೇ ಅಥವಾ ಅದಕ್ಕೂ ಮೊದಲಿರಬೇಕು, ಮರುದಿನ ಬಂದರೂ ಕಳೆಯುವಂತಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ತೀರಾ ದೊಡ್ಡ ಡಿವಿಡೆಂಡ್ ಆದರೆ ಎಕ್ಸ್‌ಚೇಂಜೇ ಕಾಂಟ್ರಾಕ್ಟನ್ನು ಸರಿಹೊಂದಿಸುತ್ತದೆ, ಆಗ ಇನ್ನೊಮ್ಮೆ ಕಳೆಯಬೇಡಿ.

ಶಿವಮೊಗ್ಗದ ಮಂಡಿಯವರು: ಒಪ್ಪಿದೆ. ಆದ್ರೆ ಹೊಸ ಬೆಳೆ ಬರೋ ಹೊತ್ತಿಗೆ ಡೆಲಿವರಿ ಅಂದ್ರೆ ಇವತ್ತಿನ ದರಕ್ಕಿಂತ ಕಡಿಮೆಗೇ ಕೊಡೋರಿದ್ದಾರಲ್ಲ? ನಿಮ್ಮ ಸೂತ್ರ ಎಲ್ಲಿ ಹೋಯ್ತು?

ಉತ್ತರ: ಒಳ್ಳೇ ಪ್ರಶ್ನೆ. ಸೂತ್ರ ಮೇಲಿನ ಮಿತಿಯನ್ನು ಮಾತ್ರ ಗಟ್ಟಿಯಾಗಿ ಹಿಡಿಯುತ್ತದೆ. ಮಾರುಕಟ್ಟೆಯಲ್ಲಿ ಯಾರಾದರೂ ಆರು ತಿಂಗಳ ನಂತರದ ಮಾಲನ್ನು ಇವತ್ತೇ 55,000ಕ್ಕೆ ಮಾತಾಡಿ ಕೊಳ್ಳುತ್ತಿದ್ದರೆ, ಇವತ್ತು ಕೊಂಡು ಇಟ್ಟು ಕೊಡುವವರು ಸಾಲುಗಟ್ಟಿ ಬಂದು ಅದನ್ನು ಇಳಿಸುತ್ತಾರೆ. ಅದೇ ಮಾಲು 47,000ಕ್ಕೆ ಸಿಕ್ಕರೆ ಆ ರೇಟನ್ನು ಮೇಲೆತ್ತಬೇಕಾದವನು ಇವತ್ತು ಮಾಲು ಮಾರಿ, ಆಮೇಲೆ ಆ 47,000ಕ್ಕೆ ಕೊಳ್ಳಬೇಕು. ಮಾಲೇ ಇಲ್ಲದವನು ಏನು ಮಾರುತ್ತಾನೆ? ಷೇರಿನ ಹಾಗೆ ಅಡಿಕೆಯನ್ನು ಸಾಲ ತಂದು ಮಾರಲು ಆಗುವುದಿಲ್ಲ. ಇರುವವನೂ ಬಿಡುವುದಿಲ್ಲ, ಸುಗ್ಗಿಗೆ ಮುಂಚೆ ಮಾಲು ಕೈಯಲ್ಲಿರುವುದೇ ಅವನಿಗೆ ಒಂದು ಅನುಕೂಲ. ಆ ಅನುಕೂಲವೂ ಡಿವಿಡೆಂಡ್ ಇದ್ದ ಹಾಗೆ, ಆದರೆ ಅದರ ಮೊತ್ತ ಯಾವ ಕಾಗದದಲ್ಲೂ ಇರುವುದಿಲ್ಲ.

ಪುತ್ತೂರಿನ ಬೆಳೆಗಾರರು: ನಮ್ಮ ಚಾಲಿ ಅಡಿಕೆಗೆ ಇದು ಹೇಗೆ? ಹೊಸದನ್ನು ಇಟ್ಟರೆ ಮುಂದೆ ಹಳೇ ಅಡಿಕೆ ಆಗ್ತದೆ, ಅದಕ್ಕೆ ರೇಟು ಜಾಸ್ತಿ. ಸವೆಯೋದಲ್ಲ, ಬೆಳೀತದೆ ಅನ್ನಬಹುದಲ್ವಾ?

ಉತ್ತರ: ನೀವು ಕೊಡುವಾಗ ಅದು ಬೇರೆ ದರ್ಜೆಯ ಮಾಲು. ಗಿರಾಕಿ ಕೇಳಿದ್ದು ಹೊಸದೋ ಹಳೆಯದೋ ಅನ್ನುವುದು ಚೀಟಿಯಲ್ಲಿರಬೇಕು. ಎರಡರ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದಲ್ಲ, ಅದನ್ನು ಮೊದಲೇ ಖಚಿತವಾಗಿ ಕಳೆಯುವ ದಾರಿ ನನಗಂತೂ ಸಿಕ್ಕಿಲ್ಲ.

ಕೇಳಿದವರು: 52,500 ಹೇಳಿದೆ. ಜಾಸ್ತಿ ಆಯ್ತು, 50,000ಕ್ಕೆ ಮಾಡ್ಕೊಡಿ ಅಂತಿದ್ದಾರೆ.

ಉತ್ತರ: 10% ಈಗಲೇ ಮುಂಗಡ ಕೊಡ್ತಾರಾ ಕೇಳಿ. ಅಷ್ಟರ ಬಡ್ಡಿ ನಿಮಗೆ ಉಳಿಯುತ್ತದೆ, ಕ್ವಿಂಟಾಲಿಗೆ 300ರ ಆಸುಪಾಸು ಇಳಿಸಬಹುದು. 50,000ಕ್ಕಂತೂ ಬರುವುದಿಲ್ಲ.