38 ವಾರದ ಸಭೆಗಳ ಸಾರಾಂಶ ಕೂಡಿಸಿದರೆ, ಮುಗಿಯದ ಕೆಲಸವೂ ‘ಮುಗಿದಿದೆ’ ಎಂದು ಬರುತ್ತಿದೆ

ಕಡತಗಾರ

ನಮ್ಮ ತಂಡ ಹಳೆಯ ದಾಸ್ತಾನು ತಂತ್ರಾಂಶದಿಂದ ಹೊಸದಕ್ಕೆ ಹೋಗುತ್ತಿದೆ. ಪ್ರತಿ ಸೋಮವಾರ 45 ನಿಮಿಷದ ಸಭೆ ನಡೆಯುತ್ತದೆ, ಎಲ್ಲವೂ ಧ್ವನಿಮುದ್ರಿತ. ಇದುವರೆಗೆ 38 ಸಭೆಗಳಾಗಿವೆ. ಧ್ವನಿಯನ್ನು ಪಠ್ಯಕ್ಕೆ ಇಳಿಸಿ, ಭಾಷಾ ಮಾದರಿಯಿಂದ ಪ್ರತಿ ಸಭೆಗೆ ಒಂದು ಪುಟದ ಸಾರಾಂಶ ಮಾಡಿಸಿದ್ದೇನೆ. ಆಮೇಲೆ ಹಿಂದಿನ ವಾರದವರೆಗಿನ ಒಟ್ಟು ಇತಿಹಾಸವನ್ನೂ ಈ ವಾರದ ಸಾರಾಂಶವನ್ನೂ ಒಟ್ಟಿಗೆ ಕೊಟ್ಟು ‘ಇತಿಹಾಸವನ್ನು ನವೀಕರಿಸು’ ಎನ್ನುತ್ತೇನೆ. ಹೊಸ ಇತಿಹಾಸ ಮುಂದಿನ ವಾರಕ್ಕೆ ಹಳೆಯದಾಗುತ್ತದೆ.

ತೊಂದರೆ ಏನೆಂದರೆ, ಬ್ಯಾಕಪ್ ಸರ್ವರ್ ಕೆಲಸ 18ನೇ ಸಭೆಯಲ್ಲೇ ಮುಗಿದಿದೆ ಎಂದು ಇತಿಹಾಸ ಹೇಳುತ್ತಿದೆ. 23ನೇ ಸಭೆಯಲ್ಲಿ ಅದರ ಬಗ್ಗೆ ದೊಡ್ಡ ವಾದವೇ ಆಗಿದ್ದು ನನಗೆ ಚೆನ್ನಾಗಿ ನೆನಪಿದೆ. 30ನೆಯದರ ನಂತರ ಆ ಕೆಲಸದ ಹೆಸರೇ ಪುಟದಲ್ಲಿಲ್ಲ. ಇನ್ನೂ ದೊಡ್ಡ ಮಾದರಿ ಬಳಸಿದರೆ ಸರಿಯಾಗುತ್ತದೆಯೇ?

ನೇರಮಾತು

ಸಾರಾಂಶಗಳ ಗೋಜೇ ಬೇಡ. ಈಗಿನ ಮಾದರಿಗಳು ಬಹಳ ಉದ್ದದ ಪಠ್ಯ ಓದುತ್ತವೆ. ಎಲ್ಲ 38 ಸಭೆಗಳ ಪೂರ್ಣ ಪಠ್ಯವನ್ನು ಒಮ್ಮೆಗೇ ಕೊಟ್ಟು ಇತಿಹಾಸ ಕೇಳಿ.

ಹಳೆಯ ಲೆಕ್ಕಿಗ

ನೇರಮಾತು ಅವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಮೂಲಕ್ಕೆ ಹೋಗಬೇಕು ಎಂಬುದು ಸರಿ. ಆದರೆ ಒಂದು ಸಭೆಗೆ ಆರು ಸಾವಿರ ಪದ ಎಂದರೂ 38 ಸಭೆಗಳಿಗೆ ಎರಡು ಲಕ್ಷ ದಾಟುತ್ತದೆ. ಅಷ್ಟನ್ನು ಒಮ್ಮೆಗೇ ಕೊಟ್ಟಾಗ ನಡುವಿನ ವಾರಗಳ ಸಣ್ಣ ವಿಷಯಗಳೇ ಮೊದಲು ಉದುರುತ್ತವೆ. ಬಂದ ಉತ್ತರದಲ್ಲಿ ಯಾವುದು ಉದುರಿತು ಎಂದು ಕಂಡುಹಿಡಿಯುವುದಕ್ಕೂ ದಾರಿ ಇರುವುದಿಲ್ಲ. ಮುಂದಿನ ಸೋಮವಾರ ಮತ್ತೆ ಮೊದಲಿನಿಂದ ಶುರು.

ಕಡತಗಾರರೇ, ನಿಮ್ಮ ಕ್ರಮದಲ್ಲಿ ಮೊದಲ ವಾರದ ವಿಷಯ 37 ಬಾರಿ ಮರುಬರಹಕ್ಕೆ ಸಿಕ್ಕಿದೆ. ಪ್ರತಿ ಬಾರಿಯೂ ಪುಟದ ಅಳತೆ ಅಷ್ಟೇ, ತುಂಬಬೇಕಾದದ್ದು ಮಾತ್ರ ಹೆಚ್ಚು. ಹಾಗಾಗಿ ‘ಮುಗಿಸುತ್ತೇವೆ ಎಂದಿದ್ದಾರೆ, ಪರೀಕ್ಷೆ ಬಾಕಿ’ ಎಂಬುದು ಮೊಟಕಾಗುತ್ತ ‘ಮುಗಿದಿದೆ’ ಆಗುತ್ತದೆ. ಮಾದರಿ ದೊಡ್ಡದಾದರೆ ಇದು ನಿಧಾನವಾಗಬಹುದು, ನಿಲ್ಲುವುದಿಲ್ಲ. ಮೊದಲು ಒಂದು ಕೆಲಸ ಮಾಡಿ: ಬ್ಯಾಕಪ್ ಬಗ್ಗೆ 17, 18, 19 ಮತ್ತು 23ನೇ ಸಭೆಗಳಲ್ಲಿ ನಿಜವಾಗಿ ಏನು ಮಾತಾಯಿತು ಎಂದು ಕೇಳಿ ಇಲ್ಲಿ ಬರೆಯಿರಿ. ಸಾರಾಂಶದಿಂದಲ್ಲ, ಧ್ವನಿಯಿಂದ.

ಮೂರನೇ ಕುರ್ಚಿ

ನನಗೂ ಇದೇ ತೊಂದರೆ. ನಮ್ಮ ಧ್ವನಿಮುದ್ರಣದಲ್ಲಿ ಯಾರ ಮಾತು ಯಾರದೆಂದೇ ತಿಳಿಯುವುದಿಲ್ಲ, ಇಬ್ಬರ ದನಿ ಒಂದೇ ಹೆಸರಿಗೆ ಬೀಳುತ್ತದೆ. ಯಾವ ಮೈಕ್ ಒಳ್ಳೆಯದು?

ಹಳೆಯ ಲೆಕ್ಕಿಗ

ಅದು ಬೇರೆಯೇ ತೊಂದರೆ, ಬೇರೆ ಪ್ರಶ್ನೆಯಾಗಿ ಹಾಕಿದರೆ ಅಲ್ಲಿ ಉತ್ತರಿಸುತ್ತೇನೆ.

ಕಡತಗಾರ

ಕೇಳಿದೆ. ನಾಚಿಕೆಯಾಗುವಂಥ ಸಂಗತಿ ಸಿಕ್ಕಿದೆ.

17ನೇ ಸಭೆ, 2024ರ ಮೇ 13: ‘ಮುಂದಿನ ಶುಕ್ರವಾರದೊಳಗೆ ಬ್ಯಾಕಪ್ ಮುಗಿಸುತ್ತೇವೆ.’ 18ನೆಯದು, ಮೇ 20: ‘ಬ್ಯಾಕಪ್ ಈ ವಾರ ಮುಗಿಸಿ’ ಎಂದು ವ್ಯವಸ್ಥಾಪಕರು ಹೇಳಿದ್ದಾರೆ, ಎಂಜಿನಿಯರ್ ‘ಆಯಿತು ಸರ್’ ಎಂದಿದ್ದಾರೆ. ಅಷ್ಟೇ! ಒಪ್ಪಿಗೆಯ ‘ಆಯಿತು’ ಸಾರಾಂಶದಲ್ಲಿ ‘ಬ್ಯಾಕಪ್ ಆಯಿತು’ ಎಂದಾಗಿದೆ. 19ನೆಯದು, ಮೇ 27: ಪ್ರತಿ ತೆಗೆಯುವುದು ನಿಜಕ್ಕೂ ಮುಗಿದಿತ್ತು, ಮರುಸ್ಥಾಪನೆಯ ಪರೀಕ್ಷೆ ಬಾಕಿ. 23ನೆಯದು, ಜೂನ್ 24: 12ನೇ ನಿಮಿಷದಲ್ಲಿ ಒಬ್ಬರು ‘ಅದು ಮುಗಿದ ಕೆಲಸ’ ಎಂದರು, 41ನೇ ನಿಮಿಷದಲ್ಲಿ ಇನ್ನೊಬ್ಬರು ‘ಮರುಸ್ಥಾಪನೆ ಮಾಡಿ ನೋಡಿದೆವು, ವಿಫಲವಾಯಿತು’ ಎಂದರು.

ಹಳೆಯ ಲೆಕ್ಕಿಗ

‘ಆಯಿತು’ ಎಂಬುದು ಕನ್ನಡ ಸಭೆಗಳ ಹಳೆಯ ಬಲೆ. ‘ಆಗಬೇಕಿತ್ತು’ ಎಂಬುದು ಇನ್ನೊಂದು. ಆಗಿಲ್ಲ ಎಂದೇ ಅದರ ಅರ್ಥ, ಸಾರಾಂಶದಲ್ಲಿ ಮಾತ್ರ ಆಗಿದೆ ಎಂದು ಬರುತ್ತದೆ.

ಇನ್ನು ಮುಂದೆ ಇತಿಹಾಸವನ್ನು ಇತಿಹಾಸದಿಂದ ಬರೆಸಬೇಡಿ. ಪ್ರತಿ ಸಭೆಯ ಪೂರ್ಣ ಪಠ್ಯದಿಂದ ಸ್ಥಿತಿಯ ಮಾತುಗಳನ್ನು ಮಾತ್ರ ಒಂದೊಂದು ಸಾಲಾಗಿ ತೆಗೆಸಿ. ಸಾಲಿನಲ್ಲಿ ಸಭೆಯ ದಿನ, ಕೆಲಸದ ಗುರುತು, ಸ್ಥಿತಿ, ಎಷ್ಟನೇ ಸೆಕೆಂಡಿನಲ್ಲಿ ಹೇಳಿದ್ದು, ಆಡಿದ ಮಾತು ಇದ್ದ ಹಾಗೇ. ಸ್ಥಿತಿಗೆ ನಾಲ್ಕೈದು ಪದಗಳಿಗಿಂತ ಹೆಚ್ಚು ಬೇಡ. ‘ಮಾಡುತ್ತೇವೆ’ ಎಂಬುದಕ್ಕೂ ‘ಮುಗಿದಿದೆ’ ಎಂಬುದಕ್ಕೂ ಬೇರೆ ಬೇರೆ ಪದ ಇರಲೇಬೇಕು. ಒಮ್ಮೆ ಬರೆದ ಸಾಲನ್ನು ತಿದ್ದಬಾರದು, ಹೊಸ ಮಾತು ಬಂದರೆ ಹೊಸ ಸಾಲು. ಅಂಗಡಿಯ ಕಿರ್ದಿ ಪುಸ್ತಕದ ಹಾಗೆ ಎಂದುಕೊಳ್ಳಿ.

ಈಗಿನ ಸ್ಥಿತಿ ಏನೆಂದು ಹೇಳುವ ಕೆಲಸ ಭಾಷಾ ಮಾದರಿಯದಲ್ಲ, ಲೆಕ್ಕದ್ದು. ಸಾಲುಗಳನ್ನು ಎಸ್‌ಕ್ಯುಲೈಟ್‌ನಲ್ಲಿ ಹಾಕಿದರೆ ಸಾಕು.

‘ಮುಂದಿನ ಶುಕ್ರವಾರ’ದಂಥ ಮಾತನ್ನು ಸಾಲು ತೆಗೆಯುವಾಗಲೇ, ಆ ಸಭೆಯ ದಿನವನ್ನು ಕೊಟ್ಟು, ತಾರೀಖಿಗೆ ಇಳಿಸಿ. ಮೂಲ ಮಾತನ್ನೂ ಇಟ್ಟುಕೊಳ್ಳಿ, ಏಕೆಂದರೆ ಮೇ 13ರಂದು ಹಾಗೆಂದವರ ಮನಸ್ಸಿನಲ್ಲಿ ಇದ್ದದ್ದು 17ನೇ ತಾರೀಖೋ 24ನೆಯದೋ ಎಂದು ಅವರನ್ನೇ ಕೇಳಬೇಕು.

ಕಡತಗಾರ

ನಾಲ್ಕು ದಿನ ಹಿಡಿಯಿತು. ಸಾಲುಗಳು ಸಿದ್ಧ. ಆದರೆ ಈ ಪ್ರಶ್ನೆ ಹಾಕಿದರೆ ಬ್ಯಾಕಪ್ ಇನ್ನೂ `done` ಎಂದೇ ಬರುತ್ತಿದೆ, ಅದೂ 27-05-2024ರ ಸಾಲು. ಜೂನ್ 24ರ ಸಾಲುಗಳು ಕೋಷ್ಟಕದಲ್ಲಿ ಇವೆ, ಕಣ್ಣಾರೆ ನೋಡಿದ್ದೇನೆ.

```sql
SELECT item, status, MAX(said_on)
FROM events
GROUP BY item;
```

ನೇರಮಾತು

`GROUP BY` ಜೊತೆ `status` ಹಾಗೆ ಬರೆಯುವುದೇ ತಪ್ಪು. ಯಾವ ಸಾಲಿನ ಸ್ಥಿತಿ ಬರುತ್ತದೆ ಎಂದು ಹೇಳಲಾಗದು.

ಹಳೆಯ ಲೆಕ್ಕಿಗ

ಬೇರೆ ಕಡೆ ತಪ್ಪು. ಎಸ್‌ಕ್ಯುಲೈಟ್‌ನಲ್ಲಿ ಒಂದೇ ಒಂದು `MAX` ಇದ್ದರೆ ಉಳಿದ ಅಂಕಣಗಳು ಆ ಗರಿಷ್ಠ ಸಾಲಿನಿಂದಲೇ ಬರುತ್ತವೆ. ಇಲ್ಲಿ ಕೈಕೊಟ್ಟದ್ದು ತಾರೀಖು. ಅದನ್ನು ನೀವು ದಿನ-ತಿಂಗಳು-ವರ್ಷ ಎಂದು ಪಠ್ಯವಾಗಿ ಇಟ್ಟಿದ್ದೀರಿ. ಪಠ್ಯವಾಗಿ ಹೋಲಿಸಿದಾಗ `27-05-2024` ಎಂಬುದು `24-06-2024`ಕ್ಕಿಂತ ದೊಡ್ಡದು, ಮೊದಲು ಹೋಲಿಕೆಯಾಗುವುದು 27 ಮತ್ತು 24 ತಾನೆ. `2024-06-24` ಎಂದು ವರ್ಷ ಮುಂದಿಟ್ಟು ಬರೆಯಿರಿ.

ಕಡತಗಾರ

ಬದಲಿಸಿದೆ. ಈಗ ಜೂನ್ 24 ಬಂತು, ಸ್ಥಿತಿ ಮಾತ್ರ ಮತ್ತೆ `done`! ತಲೆ ಕೆಟ್ಟಿದೆ.

ಹಳೆಯ ಲೆಕ್ಕಿಗ

ಆ ದಿನ ಎರಡು ಸಾಲುಗಳಿವೆ, 12ನೇ ನಿಮಿಷದ್ದು ಮತ್ತು 41ನೇ ನಿಮಿಷದ್ದು. ತಾರೀಖು ಒಂದೇ ಆದಾಗ ಎರಡರಲ್ಲಿ ಯಾವುದು ಬರುತ್ತದೆ ಎಂಬುದಕ್ಕೆ ಭರವಸೆಯಿಲ್ಲ. ನೇರಮಾತು ಅವರ ಎಚ್ಚರಿಕೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಸೆಕೆಂಡನ್ನೂ ಸೇರಿಸಿ:

```sql
SELECT item, status, said_on, at_sec
FROM (
  SELECT *, ROW_NUMBER() OVER (
    PARTITION BY item
    ORDER BY said_on DESC, at_sec DESC) AS n
  FROM events)
WHERE n = 1;
```

ಎಸ್‌ಕ್ಯುಲೈಟ್ 3.25ಕ್ಕಿಂತ ಹಳೆಯದಾಗಿದ್ದರೆ ಇದು ಓಡುವುದಿಲ್ಲ.

ಕಡತಗಾರ

`failed`, 2024-06-24, 2471ನೇ ಸೆಕೆಂಡ್. ಬಂತು.

ಆದರೆ ಬ್ಯಾಕಪ್ ಈ ಪಟ್ಟಿಯಲ್ಲಿ ಮೂರು ಕಡೆ ಇದೆ: ‘ಬ್ಯಾಕಪ್ ಸರ್ವರ್’, ‘ಎರಡನೇ ಯಂತ್ರ’, ‘ಆ ಹಳೆಯ ಡಬ್ಬ’. 30ನೇ ಸಭೆಯ ನಂತರ ಹೆಸರು ಕಾಣೆಯಾದದ್ದು ಇದರಿಂದಲೇ ಇರಬೇಕು, ಆಮೇಲೆ ಎಲ್ಲರೂ ‘ಡಬ್ಬ’ ಎಂದೇ ಕರೆಯುತ್ತಿದ್ದರು. ಒಟ್ಟು 140 ಹೆಸರುಗಳಿವೆ, ಕೆಲಸಗಳು ನನ್ನ ಅಂದಾಜಿನಲ್ಲಿ ಮೂವತ್ತರ ಆಸುಪಾಸು.

ಹಳೆಯ ಲೆಕ್ಕಿಗ

ಇದಕ್ಕೆ ಅಡ್ಡದಾರಿ ಇಲ್ಲ. ಹೆಸರು ಮತ್ತು ಗುರುತಿನ ಜೋಡಿಯ ಇನ್ನೊಂದು ಕೋಷ್ಟಕವನ್ನು ಕೈಯಿಂದಲೇ ಮಾಡಿ. 140 ಹೆಸರು ಒಂದು ಸಂಜೆಯ ಕೆಲಸ. ಮುಂದಿನ ಸಭೆಗಳಿಗೆ ಸಾಲು ತೆಗೆಸುವಾಗ ಆ ಪಟ್ಟಿಯನ್ನೂ ಕೊಟ್ಟು, ಪಟ್ಟಿಯಲ್ಲಿ ಇಲ್ಲದ್ದು ಬಂದರೆ `new?` ಎಂದು ಗುರುತು ಹಾಕಲು ಹೇಳಿ. ಅದು ಹೊಸ ಕೆಲಸವೋ ಹಳೆಯದರ ಅಡ್ಡಹೆಸರೋ ಎಂಬುದನ್ನು ನೀವೇ ತೀರ್ಮಾನಿಸಿ. ಹೆಸರುಗಳ ಹೋಲಿಕೆ ನೋಡಿ ತಾನೇ ಒಂದುಗೂಡಿಸಲು ಬಿಟ್ಟರೆ ‘ಬ್ಯಾಕಪ್ ಸರ್ವರ್’ ಮತ್ತು ‘ಬ್ಯಾಕಪ್ ನೀತಿ’ ಒಂದಾಗುತ್ತವೆ, ‘ಡಬ್ಬ’ ಹೊರಗೇ ಉಳಿಯುತ್ತದೆ.

ಓದುವ ಇತಿಹಾಸ ಬೇಕಾದಾಗ ತಿಂಗಳಿಗೆ ಒಂದರಂತೆ ಈ ಸಾಲುಗಳಿಂದಲೇ ಬರೆಸಿ, ಪ್ರತಿ ವಾಕ್ಯದ ಪಕ್ಕ ಸಭೆಯ ಸಂಖ್ಯೆ ಮತ್ತು ನಿಮಿಷ ಇರಲಿ. ಹಳೆಯ ತಿಂಗಳ ಬರಹವನ್ನು ಮತ್ತೆ ಒಳಗೆ ಹಾಕಬೇಡಿ. ಆರು ವಾರ ಸುದ್ದಿಯೇ ಇಲ್ಲದ ಕೆಲಸವನ್ನು ‘ಸುದ್ದಿಯಿಲ್ಲ’ ಎಂದು ಬೇರೆಯಾಗಿ ತೋರಿಸಿ. ಮೌನವನ್ನು ಮುಗಿದದ್ದರ ಲೆಕ್ಕಕ್ಕೆ ಸೇರಿಸಬಾರದು.

ನೇರಮಾತು

ಒಂದು ಕೊಕ್ಕೆ. 26ನೇ ಸಭೆಯಲ್ಲಿ ಯಾರಾದರೂ ‘ಪರವಾನಗಿ ನವೀಕರಣ ಮೂರು ವಾರದ ಹಿಂದೆಯೇ ಆಗಿತ್ತು’ ಎಂದರೆ? ನಿಮ್ಮ ಕೋಷ್ಟಕ ಅದನ್ನು 26ನೇ ವಾರಕ್ಕೆ ಹಾಕುತ್ತದೆ. ಇತಿಹಾಸ ತಪ್ಪಾಯಿತಲ್ಲ?

ಹಳೆಯ ಲೆಕ್ಕಿಗ

ಒಳ್ಳೆಯ ಪ್ರಶ್ನೆ. ಹೇಳಿದ ದಿನದ ಜೊತೆ ನಡೆದ ದಿನಕ್ಕೂ `happened_on` ಎಂದು ಒಂದು ಅಂಕಣ ಬೇಕು. ಕಾಲರೇಖೆ ಬಿಡಿಸುವಾಗ ನಡೆದ ದಿನ. ‘ಆಗಸ್ಟ್‌ನಲ್ಲಿ ನಮಗೆ ಏನು ಗೊತ್ತಿತ್ತು’ ಎಂದು ಯಾರಾದರೂ ಕೇಳಿದಾಗ ಹೇಳಿದ ದಿನ. ಈಗಿನ ಸ್ಥಿತಿಗೆ ನಾನು ನಂಬುವುದು ಹೇಳಿದ ದಿನವನ್ನೇ.

ನೇರಮಾತು

25ನೇ ವಾರ ಒಬ್ಬರು ‘ನವೀಕರಣ ನಿಂತಿದೆ’ ಎಂದು, 26ನೇ ವಾರ ಇನ್ನೊಬ್ಬರು ‘23ರಲ್ಲೇ ಆಗಿತ್ತು’ ಎಂದರೆ ನಿಮ್ಮ ಲೆಕ್ಕದಲ್ಲಿ ಅದು ಮುಗಿದಂತೆ. ಆದರೆ 23ರಲ್ಲಿ ಆದದ್ದೇ 25ರ ಹೊತ್ತಿಗೆ ಕೆಟ್ಟಿರಬಹುದಲ್ಲ? ನಾನು ನಡೆದ ದಿನವನ್ನೇ ನಂಬುತ್ತೇನೆ.

ಹಳೆಯ ಲೆಕ್ಕಿಗ

ಇರಬಹುದು. ಅಂಥ ಜೋಡಿಗಳನ್ನು ಪ್ರಶ್ನೆ ಹಾಕಿ ಹುಡುಕಬಹುದು, ಬಿಡಿಸುವುದಕ್ಕೆ ಆ ಇಬ್ಬರನ್ನೇ ಕೇಳಬೇಕು. ನಾವಿಬ್ಬರೂ ಒಪ್ಪುವ ನಿಯಮ ನನಗೆ ಹೊಳೆಯುತ್ತಿಲ್ಲ.

ಕಡತಗಾರ

ಹೆಸರುಗಳ ಕೋಷ್ಟಕ ಮುಗಿಯಿತು, 140 ಇದ್ದದ್ದು 31 ಆಯಿತು. ಯಾದೃಚ್ಛಿಕವಾಗಿ 20 ಸಾಲು ಆರಿಸಿ, ಆ ಸೆಕೆಂಡಿಗೆ ಹೋಗಿ ಧ್ವನಿ ಕೇಳಿದೆ. 18 ಸರಿ, ಎರಡು ತಪ್ಪು. ಒಂದು, ಲೆಕ್ಕಿಗರು ಹೇಳಿದ ‘ಆಗಬೇಕಿತ್ತು’. ಇನ್ನೊಂದರಲ್ಲಿ ಆ ಜಾಗದಲ್ಲಿ ಯಾರೂ ಮಾತೇ ಆಡಿಲ್ಲ. ಎಲ್ಲರೂ ಸುಮ್ಮನಿದ್ದ ಹೊತ್ತಿನಲ್ಲಿ ಪಠ್ಯಕ್ಕೆ ಇಳಿಸುವ ತಂತ್ರಾಂಶವೇ ಒಂದು ವಾಕ್ಯ ಸೇರಿಸಿದೆ.

ಹಳೆಯ ಲೆಕ್ಕಿಗ

ಮೌನದ ಜಾಗದಲ್ಲಿ ಅವು ಹಾಗೆ ಮಾಡುವುದುಂಟು. ಪಠ್ಯಕ್ಕೆ ಇಳಿಸುವ ಮೊದಲು ಮೌನವನ್ನು ಕತ್ತರಿಸಿ, ಆದರೆ ಕತ್ತರಿಸಿದಷ್ಟು ಸೆಕೆಂಡುಗಳನ್ನು `at_sec`ಗೆ ಮತ್ತೆ ಕೂಡಿಸಲು ಮರೆಯಬೇಡಿ. ಇಲ್ಲವಾದರೆ ಮುಂದಿನ ಬಾರಿ ಧ್ವನಿ ಕೇಳಲು ಹೋದಾಗ ಬೇರೆ ಮಾತಿಗೇ ಹೋಗಿ ನಿಲ್ಲುತ್ತೀರಿ.

ಮೂರನೇ ಕುರ್ಚಿ

ಮೈಕ್ ಬಗ್ಗೆ ಹೊಸ ಪ್ರಶ್ನೆ ಹಾಕಿದ್ದೇನೆ, ದಯವಿಟ್ಟು ನೋಡಿ.